ಒಂದು ವರ್ಷ ಕಿವಿಯಲ್ಲಿದ್ದ ಇಯರ್‌ಬಡ್ಸ್: ಹಾಡಿಗೆ ಸೈ, ಕರೆಗೆ ಅಷ್ಟಕ್ಕಷ್ಟೆ

ಇಯರ್‌ಬಡ್ಸ್ ಬಗ್ಗೆ ಬರುವ ವಿಮರ್ಶೆಗಳಲ್ಲಿ ಮುಕ್ಕಾಲು ಪಾಲು ಬಾಕ್ಸ್ ಬಿಚ್ಚಿದ ವಾರದಲ್ಲೇ ಬರೆದವು. ಆ ವಾರ ಎಲ್ಲ ಬಡ್ಸೂ ಚೆನ್ನಾಗಿಯೇ ಇರುತ್ತವೆ. ನನ್ನ ಜೋಡಿಗೆ ಈಗ ಹತ್ತಿರ ಹತ್ತಿರ ಒಂದು ವರ್ಷ. ಕೊಂಡಾಗ 2,299 ರೂಪಾಯಿ. ನಾಗಸಂದ್ರದಿಂದ ಜಯನಗರದವರೆಗೆ ಮೆಟ್ರೊದಲ್ಲಿ, ಆಫೀಸಿನಲ್ಲಿ ಕ್ಲೈಂಟ್ ಕರೆಗಳಿಗೆ, ಸಂಜೆ ಅಡುಗೆಮನೆಯಲ್ಲಿ ಅಮ್ಮನ ಜೊತೆ ಮಾತಿಗೆ, ಹೀಗೆ ದಿನಾ ಕಿವಿಯಲ್ಲೇ ಇದೆ. ಬ್ರ್ಯಾಂಡ್ ಹೆಸರು ಬೇಕೆಂದೇ ಬಿಟ್ಟಿದ್ದೇನೆ. ಎರಡರಿಂದ ಮೂರು ಸಾವಿರದೊಳಗಿನ, ಕಡ್ಡಿ ಇರುವ ಬಡ್ಸ್ ಕೊಳ್ಳುವವರು ಇಲ್ಲಿ ಹೇಳಿದ್ದನ್ನೆಲ್ಲ ತಮ್ಮ ಜೋಡಿಯಲ್ಲೂ ಪರೀಕ್ಷಿಸಿ ನೋಡಬಹುದು.

ಮೊದಲು ಕಿವಿಗೆ ಕೂರುವ ವಿಷಯ, ಏಕೆಂದರೆ ಮಿಕ್ಕಿದ್ದೆಲ್ಲ ಇದರ ಮೇಲೇ ನಿಂತಿದೆ. ಬಾಕ್ಸಿನಲ್ಲಿ ಮೂರು ಅಳತೆಯ ಸಿಲಿಕಾನ್ ಟಿಪ್ ಇರುತ್ತವೆ. ಹೆಚ್ಚಿನವರು ಮೊದಲೇ ಹಾಕಿ ಬಂದಿರುವ ಮಧ್ಯಮ ಅಳತೆಯದನ್ನೇ ಬಳಸಿ, ಮಿಕ್ಕ ಎರಡು ಜೊತೆಯನ್ನು ಡ್ರಾಯರಿಗೆ ಎಸೆಯುತ್ತಾರೆ. ನನ್ನ ಬಲಗಿವಿಗೆ ಮಧ್ಯಮ ಸರಿ, ಎಡಗಿವಿಗೆ ಚಿಕ್ಕದೇ ಬೇಕು. ಎರಡು ಕಿವಿಗೂ ಒಂದೇ ಅಳತೆ ಆಗಬೇಕೆಂದೇನೂ ಇಲ್ಲ. ಪರೀಕ್ಷೆ ಸುಲಭ: ತಬಲಾ ಇರುವ ಯಾವುದಾದರೂ ಹಾಡು ಹಾಕಿ, ಬಡ್ ಅನ್ನು ಬೆರಳಿನಿಂದ ಮೆಲ್ಲಗೆ ಒಳಗೆ ಒತ್ತಿ. ಡಗ್ಗದ ನಾದ ತಟ್ಟನೆ ತುಂಬಿಕೊಂಡರೆ ಅಲ್ಲಿಯವರೆಗೆ ಗಾಳಿ ಸೋರುತ್ತಿತ್ತು ಎಂದರ್ಥ. ಹಾಗೆ ಸೋರುವಾಗ ಬೇಸ್ ಇರುವುದಿಲ್ಲ, ಹೊರಗಿನ ಗದ್ದಲ ತಗ್ಗಿಸುವ ಎಎನ್‌ಸಿ ಕೂಡ ಅರ್ಧಂಬರ್ಧ. ಕಂಪನಿಯನ್ನು ಬೈಯುವ ಮೊದಲು ಟಿಪ್ ಬದಲಿಸಿ ನೋಡುವುದು ಒಳ್ಳೆಯದು.

ಸುಮ್ಮನೆ ಹಾಡು ಕೇಳುತ್ತಿದ್ದರೆ ಬಡ್ ಅಲುಗುವುದಿಲ್ಲ. ಮಾತಾಡಲು ಶುರು ಮಾಡಿದರೆ, ಏನಾದರೂ ಅಗಿದರೆ, ದವಡೆಯ ಜೊತೆ ಕಿವಿಯ ಒಳಭಾಗವೂ ಆಡುತ್ತದೆ; ಅರ್ಧ ಗಂಟೆಯ ಕರೆಯಲ್ಲಿ ಎರಡು ಮೂರು ಸಲವಾದರೂ ಒಳಗೆ ತಳ್ಳಬೇಕು. ಇನ್ನು ಯಾವ ವಿಮರ್ಶೆಯಲ್ಲೂ ನನ್ನ ಕಣ್ಣಿಗೆ ಬೀಳದ ಮಾತು: ಜುಮುಕಿ ಹಾಕಿದ ದಿನ ಅದು ಕಡ್ಡಿಗೆ ತಾಗಿ ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ, ಆ ಸದ್ದು ಆಚೆ ಕಡೆಯವರಿಗೂ ಕೇಳುತ್ತದೆ. ಕೂದಲು ಕಿವಿಯ ಹಿಂದಕ್ಕೆ ಸರಿಸಿದರೆ ಹಾಡು ನಿಂತುಹೋಗುತ್ತದೆ. ಒಮ್ಮೆ ಹಾಗೇ ಬೆರಳು ಎರಡು ಸಲ ತಾಗಿ, ಮ್ಯಾನೇಜರ್ ಮಾತಾಡುತ್ತಿರುವಾಗಲೇ ಕರೆ ಕಟ್ಟಾಯಿತು. ಆ್ಯಪ್‌ನಲ್ಲಿ ಟಚ್ ಆಫ್ ಮಾಡಿದ ಮೇಲೆ ನೆಮ್ಮದಿ.

ಕರೆಯ ಗುಣಮಟ್ಟಕ್ಕೆ ಬರೋಣ. ಬಾಕ್ಸಿನ ಮೇಲೆ ಎಎನ್‌ಸಿ, ಇಎನ್‌ಸಿ ಎರಡನ್ನೂ ದೊಡ್ಡದಾಗಿ ಅಚ್ಚು ಹಾಕಿರುತ್ತಾರೆ, ಅಂಗಡಿಯವರು ಎರಡೂ ಒಂದೇ ಅನ್ನುವಂತೆ ಮಾತಾಡುತ್ತಾರೆ. ಎಎನ್‌ಸಿ ನಿಮ್ಮ ಕಿವಿಗೆ ಬೀಳುವ ಗದ್ದಲ ಕಡಿಮೆ ಮಾಡುವುದು. ಇಎನ್‌ಸಿ ನಿಮ್ಮ ಮೈಕಿಗೆ ಬೀಳುವ ಗದ್ದಲವನ್ನು ಸೋಸಿ ಆಚೆಯವರಿಗೆ ಕಳಿಸುವುದು. ಹಾಗಾಗಿ ಇಎನ್‌ಸಿ ಹೇಗಿದೆ ಅಂತ ನಿಮಗೆ ಎಂದೂ ಗೊತ್ತಾಗುವುದಿಲ್ಲ. ಕಷ್ಟಪಡುವವರು ಆಚೆ ಕಡೆಯವರು. ನನ್ನಮ್ಮ ಅಂತೂ ಮೊದಲ ದಿನವೇ ಕೇಳಿದರು, "ಏನೇ, ಬಾವಿಯೊಳಗಿಂದ ಮಾತಾಡ್ತಿದ್ದೀಯಾ?"

ಅದೇನೆಂದು ನಾನೇ ಕೇಳಬೇಕೆನಿಸಿ, ಬಡ್ಸನ್ನು ತಮ್ಮನ ಕಿವಿಗೆ ಹಾಕಿ ಅವನನ್ನು ಅಡುಗೆಮನೆಯಲ್ಲಿ ನಿಲ್ಲಿಸಿ, ನಾನು ಟೆರೇಸಿನಿಂದ ಕರೆ ಮಾಡಿದೆ. ಫ್ಯಾನ್ ಸದ್ದು ಪೂರ್ತಿ ಮಾಯ. ಎಕ್ಸಾಸ್ಟ್ ಹಾಕಿದಾಗಲೂ ಪರವಾಗಿಲ್ಲ. ಮಿಕ್ಸಿ ಹಾಕಿದ ಕೂಡಲೇ ಮಿಕ್ಸಿಯ ಜೊತೆ ಅವನ ಮಾತಿನ ಬಾಲವೂ ಕತ್ತರಿಸಿಹೋಯಿತು. "ನಾಳೆ ಬರ್..." ಅಂದಮೇಲೆ ಏನೂ ಇಲ್ಲ, ಬರ್ತಾನೋ ಬರಲ್ವೋ ದೇವರೇ ಬಲ್ಲ. ಒಂದೇ ಸಮನೆ ಬರುವ ಸದ್ದನ್ನು ಇದು ಗುರುತಿಸಿ ತೆಗೆಯುತ್ತದೆ, ಸದ್ದು ಜೋರಾದರೆ ದನಿಯನ್ನೂ ಸೇರಿಸಿ ತೆಗೆಯುತ್ತದೆ. ಕುಕ್ಕರಿನ ಸೀಟಿ ಮಾತ್ರ ಸೋಸದೆ ನೇರ ನನ್ನ ಕಿವಿಗೇ ಬಂತು. ಪಕ್ಕದಲ್ಲಿ ಇನ್ನೊಬ್ಬರು ಮಾತಾಡುತ್ತಿದ್ದರೂ ಅಷ್ಟೆ, ಅವರ ದನಿಯೂ ಜೊತೆಗೇ ಬರುತ್ತದೆ.

ಆಫೀಸಿನ ಮೀಟಿಂಗ್ ರೂಮಿನಲ್ಲಿ ದೂರಿಲ್ಲ. ಮೆಟ್ರೊ ಸುರಂಗದೊಳಗೆ ಹೋದಾಗ, ಅಂದರೆ ಮಂತ್ರಿ ಸ್ಕ್ವೇರ್ ದಾಟಿ ಮೆಜೆಸ್ಟಿಕ್ ಕಡೆ, ಕರೆ ಮಾಡದಿರುವುದೇ ಉತ್ತಮ. ಎತ್ತರದ ಪ್ಲಾಟ್‌ಫಾರ್ಮಿನಲ್ಲಿ ಗಾಳಿ ಬೀಸಿದರಂತೂ ಮೈಕ್ ಸೋತಿತು. ಮೆಜೆಸ್ಟಿಕ್ ಜನಜಂಗುಳಿಯಲ್ಲಿ ಆಗಾಗ ಎಡಗಡೆ ಕಟ್ಟಾಗುತ್ತದೆ: ಬ್ಲೂಟೂತ್ ಓಡುವುದು 2.4 ಗಿಗಾಹರ್ಟ್ಸ್‌ನಲ್ಲಿ, ಸುತ್ತ ನೂರಾರು ಫೋನು, ಜೊತೆಗೆ ನಮ್ಮ ಮೈಯ ನೀರೂ ಆ ಸಿಗ್ನಲ್ ಹೀರುತ್ತದೆ. ಫೋನನ್ನು ಬ್ಯಾಗಿನ ತಳದಿಂದ ತೆಗೆದು ಕೈಯಲ್ಲಿ ಹಿಡಿದರೆ ಅರ್ಧ ತೊಂದರೆ ಮುಗಿಯುತ್ತದೆ. ಕರೆ ಬಂದಾಗ ಧ್ವನಿ ಒಮ್ಮೆಲೇ ಸಪ್ಪೆಯಾಗುವುದಕ್ಕೂ ಗಾಬರಿ ಬೇಡ. ಮೈಕ್ ಬಳಸುವಾಗ ಬ್ಲೂಟೂತ್ ಬೇರೆ ಮೋಡ್‌ಗೆ ಹೋಗುತ್ತದೆ. ಅದು ಕೆಟ್ಟದ್ದಲ್ಲ, ಅದರ ಸ್ವಭಾವ.

ಹಾಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೇಸ್ ಜಾಸ್ತಿ, ಈಕ್ವಲೈಸರ್‌ನಲ್ಲಿ ಸ್ವಲ್ಪ ಇಳಿಸಿದರೆ ದನಿ ಬಿಡಿಸಿ ಕೇಳುತ್ತದೆ. ಈ ಬೆಲೆಗೆ ಖುಷಿಯೇ.

ಬ್ಯಾಟರಿ ಲೆಕ್ಕ ನೋಡಿ. ಬಾಕ್ಸಿನ ಮೇಲೆ 40 ಗಂಟೆ. ಅದು ಕೇಸ್ ಸೇರಿಸಿ: ಬಡ್ಸ್ ಒಂದು ಸಲಕ್ಕೆ 8 ಗಂಟೆ, ಕೇಸಿನಿಂದ ಇನ್ನೂ ನಾಲ್ಕು ಸಲ. ಎಂಟೂ ಬರುವುದು ಎಎನ್‌ಸಿ ಆಫ್ ಮಾಡಿ, ವಾಲ್ಯೂಮ್ ಅರ್ಧಕ್ಕಿಟ್ಟಾಗ. ಎಎನ್‌ಸಿ ಹಾಕಿದರೆ ನನಗೆ ಹೊಸದರಲ್ಲಿ ಐದು ಗಂಟೆ ಬರುತ್ತಿತ್ತು, ಬರೀ ಕರೆಗಳೇ ಆದರೆ ನಾಲ್ಕರ ಆಸುಪಾಸು. ಈಗ ಎಡ ಬಡ್ ಇನ್ನೂ ಹೆಚ್ಚುಕಡಿಮೆ ಅಲ್ಲೇ ಇದೆ. ಬಲದ್ದು ಕರೆಯಲ್ಲಿ ಎರಡೂವರೆ ಗಂಟೆಗೇ ಕೈ ಎತ್ತುತ್ತದೆ. ಕಾರಣ ನನ್ನ ಅಭ್ಯಾಸ: ಆಫೀಸಿನಲ್ಲಿ ಒಂದೇ ಬಡ್ ಹಾಕಿಕೊಂಡು ಮಾತಾಡುವಾಗ ಅದು ಯಾವಾಗಲೂ ಬಲದ್ದೇ. ಇಷ್ಟು ಚಿಕ್ಕ ಲಿಥಿಯಂ ಬ್ಯಾಟರಿ ಪ್ರತಿ ಚಾರ್ಜಿಗೂ ಒಂದಿಷ್ಟು ಸವೆಯುತ್ತದೆ, ಬಲದ್ದು ಎಡದ್ದಕ್ಕಿಂತ ದುಪ್ಪಟ್ಟು ದುಡಿದಿದೆ. ಈಗ ಒಂದು ದಿನ ಎಡ, ಒಂದು ದಿನ ಬಲ ಮಾಡಿಕೊಂಡಿದ್ದೇನೆ. ಒಳಗೆ ಅಂಟು ಹಾಕಿ ಮುಚ್ಚಿರುವುದರಿಂದ ಬ್ಯಾಟರಿ ಬದಲಿಸುವ ಮಾತೇ ಇಲ್ಲ.

ಬಾಳಿಕೆ? ಬಡ್ಸ್ ಗಟ್ಟಿ. ಪ್ಲಾಟ್‌ಫಾರ್ಮಿನಲ್ಲಿ, ಬಚ್ಚಲಮನೆಯ ಟೈಲ್ಸ್ ಮೇಲೆ ಬಿದ್ದಿವೆ, ಏನೂ ಆಗಿಲ್ಲ. ಸೋತಿರುವುದು ಕೇಸ್. ಮುಚ್ಚಳದ ಕೀಲು ಸಡಿಲಾಗಿ ಬ್ಯಾಗಿನೊಳಗೆ ತಾನೇ ತೆರೆದುಕೊಳ್ಳುತ್ತದೆ. ಐಪಿಎಕ್ಸ್-4 ಎಂದರೆ ನೀರಿನ ಎರಚಲು ತಡೆಯುತ್ತದೆ ಅಂತಷ್ಟೆ. ಆ ಎಕ್ಸ್ ಇರುವುದು ಧೂಳಿನ ಪರೀಕ್ಷೆಗೆ ರೇಟಿಂಗ್ ಕೊಟ್ಟಿಲ್ಲ ಎನ್ನಲು. ನನ್ನ ಬಾಕ್ಸಿನಲ್ಲಿ ಆ ರೇಟಿಂಗ್ ಬಡ್ಸಿಗೆ ಮಾತ್ರ, ಕೇಸಿಗಿಲ್ಲ. ಬೆವರಿದ ಬಡ್ಸನ್ನು ಹಾಗೇ ಒಳಗಿಟ್ಟರೆ ಚಾರ್ಜಿಂಗ್ ಪಿನ್ ಮೇಲೆ ಹಸಿರು ಕಿಲುಬು ಕಟ್ಟುತ್ತದೆ, ಬೆಳಗ್ಗೆ ನೋಡಿದರೆ ಒಂದು ಬಡ್ ಚಾರ್ಜೇ ಆಗಿರುವುದಿಲ್ಲ. ಒಣ ಹತ್ತಿ ಕಡ್ಡಿಯಿಂದ ಉಜ್ಜಿದರೆ ಸರಿಹೋಗುತ್ತದೆ. ಒಂದು ಕಡೆ ಸದ್ದು ಕಡಿಮೆಯಾದರೂ ಹೆದರಬೇಡಿ, ಮುಕ್ಕಾಲು ಸಲ ಜಾಲರಿಗೆ ಗುಗ್ಗೆ ಮೆತ್ತಿರುತ್ತದೆ. ಬಡ್ ಅನ್ನು ಕೆಳಮುಖ ಹಿಡಿದು ಹಳೆಯ ಮೆತ್ತನೆಯ ಬ್ರಷ್‌ನಿಂದ ಉದುರಿಸಿ. ಸೂಜಿ ಮಾತ್ರ ತಾಗಿಸಬೇಡಿ.

ಮುಚ್ಚಳದ ವಿಷಯಕ್ಕೆ ಸರ್ವಿಸ್ ಸೆಂಟರಿಗೆ ಹೋದರೆ, ಅದು ಬಳಕೆಯ ಸವೆತ, ವಾರಂಟಿಗೆ ಸೇರುವುದಿಲ್ಲ ಅಂದರು. ಬಲ ಬಡ್ ಬ್ಯಾಟರಿಗೆ ಒಂದು ವರ್ಷದ ವಾರಂಟಿ ಇನ್ನೂ ಇದೆ, ಬಿಲ್ ತೋರಿಸಿದ್ದಕ್ಕೆ ದೂರು ಬರೆದುಕೊಂಡಿದ್ದಾರೆ.

ಕೊಳ್ಳಬಹುದೇ? ದಾರಿಯಲ್ಲಿ ಹಾಡು, ದಿನಕ್ಕೆ ನಾಲ್ಕಾರು ಚಿಕ್ಕ ಕರೆ ಅಷ್ಟೇ ಆದರೆ ಧಾರಾಳವಾಗಿ, ಅದೂ ಸೇಲ್‌ನಲ್ಲಿ 1,800ರ ಹತ್ತಿರ ಬಂದಾಗ. ಕೆಲಸವೇ ಫೋನಿನಲ್ಲಿ ಮಾತಾಡುವುದಾದರೆ ಇದೇ ದುಡ್ಡಿಗೆ ಬಾಯಿಯ ಹತ್ತಿರ ಮೈಕ್ ಬರುವ ವೈರಿನ ಹೆಡ್‌ಸೆಟ್ ತೊಗೊಳ್ಳಿ. ನಾನೂ ಆಫೀಸಿನ ಡ್ರಾಯರಿನಲ್ಲಿ ಈಗ ಒಂದನ್ನು ಇಟ್ಟಿದ್ದೇನೆ.