ಗಾಯದ ಆರೈಕೆ: ಓಪಿಡಿ ನಡುವೆ ಓದಲು ಒಂದು ಪುಟ

ಓಪಿಡಿ, ವಾರ್ಡ್ ಮತ್ತು ಡ್ರೆಸ್ಸಿಂಗ್ ರೂಮಿನ ಎಲ್ಲ ವೈದ್ಯರಿಗೆ. ವಾಸಿಯಾಗದ ಗಾಯಗಳ ಮೇಲಿನ ಆ ಉದ್ದನೆಯ ರಿವ್ಯೂ ಲೇಖನವನ್ನು ಹೋದ ವಾರ ಕಳಿಸಿದ್ದೆ. ಪೂರ್ತಿ ಓದಲು ಯಾರಿಗೂ ಸಮಯ ಸಿಕ್ಕಿಲ್ಲ ಅಂತ ಗೊತ್ತು. ನಾಳೆ ಬೆಳಗ್ಗೆಯಿಂದಲೇ ಬದಲಿಸಬಹುದಾದ್ದನ್ನು ಇಲ್ಲಿ ಇಳಿಸಿದ್ದೇನೆ.

ಮುಖ್ಯ ಮಾತು. ಯಾವ ಡ್ರೆಸ್ಸಿಂಗ್ ಹಾಕೋಣ ಅನ್ನುವುದು ಕೊನೆಯ ಪ್ರಶ್ನೆ. ಗಾಯ ಯಾಕೆ ಕೂಡಿಕೊಳ್ಳುತ್ತಿಲ್ಲ ಅನ್ನುವುದು ಮೊದಲನೆಯದು. ಅಲ್ಲಿಗೆ ರಕ್ತ ಹರಿಯುತ್ತಿದೆಯಾ, ಕಾಲು ಊದಿದೆಯಾ, ಅದರ ಮೇಲೆ ಭಾರ ಬೀಳುತ್ತಿದೆಯಾ, ಸೋಂಕು ಇದೆಯಾ ಅಂತ ನೋಡದೆ ದುಬಾರಿ ಡ್ರೆಸ್ಸಿಂಗ್ ಬದಲಿಸುತ್ತಾ ಹೋದರೆ ರೋಗಿಯ ತಿಂಗಳುಗಳು ಸುಮ್ನೆ ಕಳೆಯುತ್ತವೆ.

ಕಾಲಿನ ಹುಣ್ಣು. ಬಿಗಿ ಬ್ಯಾಂಡೇಜ್ ಸುತ್ತುವ ಮೊದಲು ಎಬಿಪಿಐ ನೋಡಲೇಬೇಕು. 0.8ರಿಂದ 1.3ರ ಒಳಗಿದ್ದರೆ ಪೂರ್ತಿ ಬಿಗಿ ಸಾಮಾನ್ಯವಾಗಿ ಸುರಕ್ಷಿತ. 0.5ಕ್ಕಿಂತ ಕಡಿಮೆ ಇದ್ದರೆ ಬ್ಯಾಂಡೇಜ್ ಬೇಡ, ರಕ್ತನಾಳದ ಸರ್ಜನ್ ಹತ್ತಿರ ತಕ್ಷಣ ಕಳಿಸಿ. 1.3 ದಾಟಿದ್ದರೆ ನಂಬಬೇಡಿ. ಮಧುಮೇಹದವರಲ್ಲಿ ರಕ್ತನಾಳ ಗಟ್ಟಿಯಾಗಿ ಅಂಕಿ ಸುಳ್ಳು ಹೇಳುತ್ತದೆ, ಕಾಲ್ಬೆರಳಿನ ಒತ್ತಡ ಅಳೆಯಿರಿ.

ವೀನಸ್ ಹುಣ್ಣಿಗೆ ಬಿಗಿ ಕಟ್ಟುವುದೇ ಚಿಕಿತ್ಸೆ, ಡ್ರೆಸ್ಸಿಂಗ್ ಬರೀ ಜೊತೆಗಾರ. ನಾಲ್ಕು ಪದರದ ಬ್ಯಾಂಡೇಜೇ ಬೇಕು ಅಂತ ಹಟ ಹಿಡಿಯಬೇಕಿಲ್ಲ. 2014ರ ವೀನಸ್ ಫೋರ್ ಟ್ರಯಲ್‌ನಲ್ಲಿ ಎರಡು ಪದರದ ಕಂಪ್ರೆಶನ್ ಕಾಲುಚೀಲ ಹಾಕಿದವರಿಗೂ ಬ್ಯಾಂಡೇಜ್ ಕಟ್ಟಿದವರಿಗೂ ವಾಸಿಯಾಗಲು ಹೆಚ್ಚುಕಡಿಮೆ ಒಂದೇ ಸಮಯ ಹಿಡಿಯಿತು: 99 ಮತ್ತು 98 ದಿನ. ರೋಗಿ ಯಾವುದನ್ನು ತಪ್ಪದೆ ಹಾಕುತ್ತಾರೋ ಅದೇ ಒಳ್ಳೆಯದು. ಇನ್ನೊಂದು, ಹುಣ್ಣು ಒಣಗಲಿ, ಆಮೇಲೆ ರಕ್ತನಾಳ ನೋಡೋಣ ಅಂತ ಕಾಯಬೇಡಿ. 2018ರ ಎವ್ರಾ ಟ್ರಯಲ್‌ನಲ್ಲಿ ಕೆಟ್ಟ ಮೇಲ್ಪದರದ ರಕ್ತನಾಳವನ್ನು ಬೇಗ ಮುಚ್ಚಿಸಿದವರ ಹುಣ್ಣು 56 ದಿನಕ್ಕೆ ವಾಸಿಯಾಯಿತು, ತಡವಾಗಿ ಮಾಡಿದವರದ್ದು 82 ದಿನ (ಎರಡೂ ಮಧ್ಯಾಂಕ).

ಮಧುಮೇಹದ ಪಾದ. ನಾವು ಜಾಸ್ತಿ ಎಡವುವುದು ಇಲ್ಲೇ. ಅಂಗಾಲಿನ ಹುಣ್ಣಿನ ಮೇಲೆ ರೋಗಿ ನಡೆಯುತ್ತಲೇ ಇದ್ದರೆ ಯಾವ ಔಷಧಿಯೂ ಕೆಲಸ ಮಾಡಲ್ಲ. ಮೊಣಕಾಲಿನವರೆಗೆ ಬರುವ, ರೋಗಿ ತಾನೇ ಬಿಚ್ಚಲಾಗದ ಕ್ಯಾಸ್ಟ್ ಅಥವಾ ಬೂಟು ಮೊದಲ ಆಯ್ಕೆ. ಸೋಂಕು ಅಥವಾ ರಕ್ತದ ಕೊರತೆ ಜೋರಾಗಿದ್ದರೆ ಮೊದಲು ಅದನ್ನು ನೋಡಿ. ಬಿಚ್ಚಲಾಗದ್ದೇ ಯಾಕೆ ಅಂತೀರಾ? ಬಿಚ್ಚಬಹುದಾದ ಬೂಟು ಕೊಟ್ಟು ಹೆಜ್ಜೆ ಎಣಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ದಿನದ ಓಡಾಟದ 28% ಮಾತ್ರ ಅದನ್ನು ಹಾಕಿಕೊಂಡು ನಡೆದದ್ದು. ಮನೆಯೊಳಗೆ ನಾಲ್ಕು ಹೆಜ್ಜೆಗೆ ಯಾರು ಹಾಕಿಕೊಳ್ಳುತ್ತಾರೆ, ಅಲ್ವಾ? ರೋಗಿಯನ್ನು ಬೈದು ಉಪಯೋಗವಿಲ್ಲ.

ಅಳತೆ ಬರೆದಿಡಿ. ಉದ್ದ, ಅಗಲ, ಪ್ರತಿ ವಾರ, ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದು ಫೋಟೋ. 2003ರ ಒಂದು ಅಧ್ಯಯನದಲ್ಲಿ ನಾಲ್ಕು ವಾರಕ್ಕೆ ಅರ್ಧಕ್ಕಿಂತ ಜಾಸ್ತಿ ಕುಗ್ಗಿದ ಪಾದದ ಹುಣ್ಣುಗಳಲ್ಲಿ 58% ಹನ್ನೆರಡು ವಾರಕ್ಕೆ ಮುಚ್ಚಿದವು, ಕುಗ್ಗದವುಗಳಲ್ಲಿ 9% ಮಾತ್ರ. ಹಾಗಾಗಿ ನಾಲ್ಕನೇ ವಾರಕ್ಕೆ ಅರ್ಧ ಕುಗ್ಗಿಲ್ಲ ಅಂದರೆ ಅದೇ ಚೀಟಿ ಮತ್ತೆ ಬರೆಯಬೇಡಿ, ಎಲ್ಲವನ್ನೂ ಮೊದಲಿಂದ ನೋಡಿ.

ಸೋಂಕು, ಸ್ವಾಬ್. ಸೋಂಕಿನ ಲಕ್ಷಣ ಇಲ್ಲದ ಗಾಯಕ್ಕೆ ಸ್ವಾಬ್ ಬೇಡ, ಆಂಟಿಬಯಾಟಿಕ್ಕೂ ಬೇಡ. ತೆರೆದ ಗಾಯದಲ್ಲಿ ಬ್ಯಾಕ್ಟೀರಿಯಾ ಇದ್ದೇ ಇರುತ್ತವೆ, ರಿಪೋರ್ಟ್ ಬಂದ ಮೇಲೆ ಸುಮ್ಮನಿರುವುದು ಕಷ್ಟ. ಕೆಂಪು ಹರಡುತ್ತಿದ್ದರೆ, ಬಿಸಿ, ನೋವು, ಕೀವು ಇದ್ದರೆ ಮೊದಲು ತೊಳೆಯಿರಿ, ಆಮೇಲೆ ಶುದ್ಧ ಜಾಗದಲ್ಲಿ ಸ್ವಾಬ್ ಒತ್ತಿ ತಿರುಗಿಸಿ. ಮೇಲೆ ಕಾಣುವ ಕೀವನ್ನು ಒರೆಸಿ ಕಳಿಸಿದ್ದು ದಾರಿ ತಪ್ಪಿಸುತ್ತದೆ. ಸೋಂಕಿಲ್ಲದ ವೀನಸ್ ಹುಣ್ಣಿಗೆ ಬೆಳ್ಳಿ ಡ್ರೆಸ್ಸಿಂಗ್‌ನಿಂದ ಲಾಭ ಕಂಡಿಲ್ಲ (ವಲ್ಕನ್ ಟ್ರಯಲ್, 2009).

ತೊಳೆಯುವುದು, ಮುಚ್ಚುವುದು. ಕುಡಿಯಲು ಯೋಗ್ಯವಾದ ನಲ್ಲಿ ನೀರಿನಿಂದ ಸಲೈನ್‌ಗಿಂತ ಜಾಸ್ತಿ ಸೋಂಕು ಬರುತ್ತದೆ ಅನ್ನಲು ಪುರಾವೆ ಸಿಕ್ಕಿಲ್ಲ. ಹೈಡ್ರೋಜನ್ ಪೆರಾಕ್ಸೈಡನ್ನು ದಿನಾ ಸುರಿಯುವ ಅಭ್ಯಾಸ ಬಿಡೋಣ, ಹೊಸ ಜೀವಕೋಶಕ್ಕೂ ಅದು ವಿಷವೇ. ಗಾಯವನ್ನು ಒಣಗಿಸಬೇಕು ಅನ್ನುವುದು ಹಳೆಯ ನಂಬಿಕೆ. 1962ರಲ್ಲೇ ಜಾರ್ಜ್ ವಿಂಟರ್ ಹಂದಿಗಳ ಮೇಲೆ, ಮುಚ್ಚಿ ತೇವವಾಗಿಟ್ಟ ಗಾಯದಲ್ಲಿ ಚರ್ಮ ಸುಮಾರು ಎರಡು ಪಟ್ಟು ವೇಗವಾಗಿ ಬರುತ್ತದೆ ಅಂತ ತೋರಿಸಿದರು. ಒಣ ಗಾಜ್ ಅಂಟಿಕೊಂಡು, ಎಳೆದಾಗ ರೋಗಿ ಹಲ್ಲು ಕಚ್ಚಿ, ಅದರ ಜೊತೆ ತೆಳು ಗುಲಾಬಿ ಚರ್ಮವೂ ಕಿತ್ತು ಬರುವುದನ್ನು ನಾವೆಲ್ಲ ನೋಡಿದ್ದೇವೆ. ವಾರದ ಕೆಲಸವೇ ಅದರ ಜೊತೆ ಹೋಗುತ್ತದೆ. ಆದರೆ ರಕ್ತವಿಲ್ಲದ ಪಾದದ ಮೇಲಿನ ಒಣ ಕಪ್ಪು ಗಟ್ಟಿ ಪದರವನ್ನು ಮಾತ್ರ ನೆನೆಸಬೇಡಿ, ಕತ್ತರಿಸಬೇಡಿ. ಮೊದಲು ರಕ್ತನಾಳದವರ ಅಭಿಪ್ರಾಯ ಬರಲಿ.

ಪುರಾವೆ ಎಷ್ಟು ಗಟ್ಟಿ? ಬಿಗಿ ಕಟ್ಟುವುದಕ್ಕೂ ಪಾದದ ಭಾರ ತಪ್ಪಿಸುವುದಕ್ಕೂ ಚೆನ್ನಾಗಿದೆ. ಒಂದು ಡ್ರೆಸ್ಸಿಂಗ್ ಇನ್ನೊಂದಕ್ಕಿಂತ ಮೇಲು ಅನ್ನುವುದಕ್ಕೆ ತೀರಾ ದುರ್ಬಲ, ಹಾಗಾಗಿ ಅಲ್ಲಿ ಸೋರಿಕೆ, ನೋವು, ಬೆಲೆ ನೋಡಿ ಆರಿಸಿ.

ತಕ್ಷಣ ಕಳಿಸಬೇಕಾದವರು. ಮೂಳೆ ತಗಲುತ್ತಿದ್ದರೆ, ನಾಡಿ ಸಿಗದಿದ್ದರೆ, ಕಾಣುವುದಕ್ಕಿಂತ ನೋವು ತುಂಬಾ ಜಾಸ್ತಿ ಇದ್ದರೆ. ಅಂಚು ದಪ್ಪಗೆ ಉಬ್ಬಿ ತಿಂಗಳುಗಟ್ಟಲೆ ಹಾಗೇ ಇರುವ ಗಾಯಕ್ಕೆ ಅಂಚಿನಿಂದ ಬಯಾಪ್ಸಿ ಮಾಡಿಸಿ, ಕ್ಯಾನ್ಸರ್ ಅಡಗಿರಬಹುದು.