ಹಲ್ಲು ನೋಡಿ, ಹೊಟ್ಟೆ ಹೇಳಿ

7ನೇ ತರಗತಿ, ವಿಜ್ಞಾನ

ಮೊದಲು ಒಂದು ಕೆಲಸ ಮಾಡಿ. ನಾಲಿಗೆಯ ತುದಿಯನ್ನು ನಿಮ್ಮ ಮೇಲಿನ ಹಲ್ಲುಗಳ ಮೇಲೆ ಮೆಲ್ಲಗೆ ಸರಿಸಿ. ಮುಂದೆ ಉಳಿಯಂತೆ ಚಪ್ಪಟೆ ಅಂಚಿನ ಹಲ್ಲುಗಳು ಸಿಗುತ್ತವೆ. ಇವು ಬಾಚಿಹಲ್ಲು, ಕಚ್ಚಿ ಕತ್ತರಿಸಲು. ಪಕ್ಕದಲ್ಲೇ ಸ್ವಲ್ಪ ಚೂಪಾದ ಕೋರೆಹಲ್ಲು. ಇನ್ನೂ ಹಿಂದೆ ಹೋದರೆ ಅಗಲವಾದ, ಉಬ್ಬುತಗ್ಗಿನ ಹಲ್ಲುಗಳು. ಅವೇ ಮುಂದವಡೆ ಮತ್ತು ದವಡೆ ಹಲ್ಲುಗಳು, ಅರೆಯಲು.

ಎಲ್ಲ ಥರದ ಹಲ್ಲೂ ನಿಮ್ಮ ಬಾಯಲ್ಲಿವೆ, ಅಲ್ವಾ? ಹಸುವಿನ ಬಾಯಲ್ಲಿ ಹಾಗಿಲ್ಲ. ಬೆಕ್ಕಿನ ಬಾಯಿ ಬೇರೆಯೇ ಥರ. ಯಾಕೆ ಹೀಗೆ ಅನ್ನುವುದೇ ಇವತ್ತಿನ ಪಾಠ.

ಹುಲ್ಲು ಅರಗುವುದು ಸುಲಭವಲ್ಲ

ಹುಲ್ಲು ಓಡಿಹೋಗುವುದಿಲ್ಲ. ಹಿಡಿಯುವ ಕಷ್ಟವಿಲ್ಲ. ಕಷ್ಟವೆಲ್ಲ ಅರಗಿಸುವುದರಲ್ಲಿ. ಸಸ್ಯದ ಪ್ರತಿ ಜೀವಕೋಶದ ಸುತ್ತ ಸೆಲ್ಯುಲೋಸ್ ಎಂಬ ಗಟ್ಟಿ ವಸ್ತುವಿನ ಗೋಡೆ ಇರುತ್ತದೆ. ಅದನ್ನು ಒಡೆಯುವ ಕಿಣ್ವವನ್ನು ಹಸುವಿನ ದೇಹ ತಯಾರಿಸುವುದಿಲ್ಲ. ಹುಲ್ಲನ್ನೇ ತಿಂದು ಬದುಕುವ ಪ್ರಾಣಿಗೇ ಹುಲ್ಲು ಅರಗಿಸುವ ಕಿಣ್ವ ಇಲ್ಲ ಅಂದರೆ ಆಶ್ಚರ್ಯವಲ್ಲವೇ?

ಹಸು ಮೇಯುವಾಗ ಹತ್ತಿರದಿಂದ ನೋಡಿ. ಮೇಲೆ ಮುಂದಿನ ಹಲ್ಲುಗಳೇ ಇಲ್ಲ! ಆ ಜಾಗದಲ್ಲಿ ಗಟ್ಟಿಯಾದ ವಸಡಿನ ದಿಂಡು ಇರುತ್ತದೆ. ಉದ್ದ ನಾಲಿಗೆಯಿಂದ ಹುಲ್ಲನ್ನು ಸುತ್ತಿ ಎಳೆದುಕೊಂಡು, ಕೆಳಗಿನ 8 ಹಲ್ಲುಗಳಿಗೂ ಆ ದಿಂಡಿಗೂ ನಡುವೆ ಒತ್ತಿ ಕೀಳುತ್ತದೆ. ಹೆಚ್ಚು ಅಗಿಯದೆ ನುಂಗಿಬಿಡುತ್ತದೆ.

ಆಮೇಲೆ ಅದು ಮಲಗಿದಾಗ ಅದರ ಕತ್ತನ್ನೇ ಗಮನಿಸಿ. ಒಂದು ಉಂಡೆ ಕೆಳಗಿನಿಂದ ಮೇಲಕ್ಕೆ ಸರಸರನೆ ಬರುವುದು ಕಾಣುತ್ತದೆ. ತಕ್ಷಣ ದವಡೆ ಪಕ್ಕಕ್ಕೆ ಆಡಲು ಶುರು. ಮೇಲೆ ಕೆಳಗೆ ಅಲ್ಲ, ಬೀಸುಕಲ್ಲಿನ ಹಾಗೆ ಸುತ್ತಿಸಿ ಅರೆಯುತ್ತದೆ. ಅರೆದದ್ದನ್ನು ನುಂಗಿದ ಸ್ವಲ್ಪ ಹೊತ್ತಿಗೆ ಇನ್ನೊಂದು ಉಂಡೆ ಬರುತ್ತದೆ. ಇದೇ ಮೆಲುಕು ಹಾಕುವುದು. ದಿನದಲ್ಲಿ ಸುಮಾರು 8 ಗಂಟೆ ಹಸುವಿಗೆ ಇದೇ ಕೆಲಸ.

ಆ ಉಂಡೆ ಬರುವುದು ಜಠರದ ಮೊದಲ ಭಾಗಗಳಿಂದ. ಹಸುವಿನ ಜಠರದಲ್ಲಿ 4 ಕೋಣೆಗಳಿವೆ: ರೂಮೆನ್, ರೆಟಿಕ್ಯುಲಮ್, ಒಮೇಸಮ್, ಅಬೊಮೇಸಮ್. ರೂಮೆನ್ ಎಲ್ಲಕ್ಕಿಂತ ದೊಡ್ಡದು, ದೊಡ್ಡ ಹಸುವಿನಲ್ಲಿ 100 ಲೀಟರಿಗೂ ಜಾಸ್ತಿ ಹಿಡಿಯುತ್ತದೆ. ಅದರೊಳಗೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾ ಮತ್ತಿತರ ಸೂಕ್ಷ್ಮಜೀವಿಗಳು ವಾಸವಾಗಿವೆ. ಹಸುವಿನಲ್ಲಿಲ್ಲದ ಆ ಕಿಣ್ವ ಇವುಗಳಲ್ಲಿದೆ. ಸೆಲ್ಯುಲೋಸನ್ನು ಒಡೆದು ಕೊಡುವವು ಇವೇ. ಹಸು ಅವಕ್ಕೆ ಬೆಚ್ಚಗಿನ ಮನೆ ಮತ್ತು ಊಟ ಕೊಡುತ್ತದೆ. ನಮ್ಮ ಜಠರದ ಹಾಗೆ ಆಮ್ಲ ಸುರಿಸುವುದು ನಾಲ್ಕನೆಯ ಕೋಣೆ ಮಾತ್ರ. ಅಲ್ಲಿಂದ ಮುಂದೆ ತುಂಬ ಉದ್ದದ ಕರುಳು.

ಎಲ್ಲ ಸಸ್ಯಾಹಾರಿಗಳೂ ಮೆಲುಕು ಹಾಕುವುದಿಲ್ಲ. ಕುದುರೆ, ಮೊಲಗಳಿಗೆ ಜಠರ ಒಂದೇ ಕೋಣೆಯದು. ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವಲ್ಲಿ ಸೀಕಮ್ ಎಂಬ ಚೀಲವಿದೆ, ಇವುಗಳ ಸೂಕ್ಷ್ಮಜೀವಿಗಳು ಹೆಚ್ಚಾಗಿ ಅಲ್ಲಿರುತ್ತವೆ. ಮೊಲ ಅಲ್ಲಿ ತಯಾರಾದ ಮೆತ್ತನೆಯ ಹಿಕ್ಕೆಯನ್ನು ಮತ್ತೆ ತಿನ್ನುತ್ತದೆ. ಮುಖ ಸಿಂಡರಿಸಬೇಡಿ! ಮೊದಲ ಸಲ ಕೈತಪ್ಪಿದ ಪೋಷಕಾಂಶವನ್ನು ಅದು ಹೀಗೆ ಪಡೆಯುತ್ತದೆ.

ಬೆಕ್ಕಿನ ಕತ್ತರಿ

ಮಾಂಸದ ಕಥೆ ಉಲ್ಟಾ. ಅರಗಿಸುವುದು ಸುಲಭ, ಹಿಡಿಯುವುದು ಕಷ್ಟ. ಹಾಗಾಗಿ ಬೆಕ್ಕಿನ ಕೋರೆಹಲ್ಲು ಉದ್ದ, ಚೂಪು: ಬೇಟೆಯನ್ನು ಕಚ್ಚಿ ಹಿಡಿದರೆ ಬಿಡುವುದಿಲ್ಲ. ಬಾಚಿಹಲ್ಲು ಮಾತ್ರ ಅಕ್ಕಿಕಾಳಿನಷ್ಟು ಪುಟ್ಟವು.

ಬೆಕ್ಕು ದೊಡ್ಡ ತುಂಡು ತಿನ್ನುವಾಗ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸುತ್ತದೆ, ನೋಡಿದ್ದೀರಾ? ಸುಮ್ನೆ ಅಲ್ಲ. ಕೆನ್ನೆಯ ಬದಿಯಲ್ಲಿ ಮೇಲೊಂದು, ಕೆಳಗೊಂದು ಅಲಗಿನಂಥ ಹಲ್ಲು ಇವೆ. ಬಾಯಿ ಮುಚ್ಚಿದಾಗ ಎರಡೂ ಒಂದರ ಪಕ್ಕ ಒಂದು ಜಾರಿ ಕತ್ತರಿಯಂತೆ ತುಂಡರಿಸುತ್ತವೆ. ಮಾಂಸವನ್ನು ಅಲ್ಲಿಗೆ ತಲುಪಿಸಲು ಈ ವಾಲಾಟ. ಬೆಕ್ಕಿನ ದವಡೆ ಪಕ್ಕಕ್ಕೆ ಆಡುವುದಿಲ್ಲ ಅಂದರೂ ಸರಿ. ಹಾಗಾಗಿ ಅರೆಯಲಾರದು, ತುಂಡು ಮಾಡಿ ನುಂಗುತ್ತದೆ. ಮುಂದಿನ ಕೆಲಸ ಜಠರದ ಆಮ್ಲ ಮತ್ತು ಕಿಣ್ವಗಳದ್ದು. ಕರುಳು ಗಿಡ್ಡ, ಸೀಕಮ್ ತೀರಾ ಚಿಕ್ಕದು.

ಎರಡನ್ನೂ ತಿನ್ನುವವರು

ಮನುಷ್ಯ, ಹಂದಿ, ಹೆಚ್ಚಿನ ಕರಡಿಗಳು ಮಿಶ್ರಾಹಾರಿಗಳು. ದೊಡ್ಡವರಿಗೆ 32 ಹಲ್ಲು: ಬಾಚಿ 8, ಕೋರೆ 4, ಮುಂದವಡೆ 8, ದವಡೆ 12. ನಿಮ್ಮ ಬಾಯಲ್ಲಿ ಅಷ್ಟು ಸಿಗದಿದ್ದರೆ ಗಾಬರಿ ಬೇಡ, ಕೊನೆಯ 4 ಬರುವುದು ತಡ. ಕೆಲವರಿಗೆ ಬರುವುದೇ ಇಲ್ಲ. ನಮ್ಮ ಜಠರ ಒಂದೇ ಕೋಣೆಯದು, ಸಣ್ಣ ಕರುಳು ಸುಮಾರು 6 ಮೀಟರ್. ಸೊಪ್ಪಿನ ಸೆಲ್ಯುಲೋಸನ್ನು ನಮ್ಮ ಕಿಣ್ವಗಳೂ ಒಡೆಯಲಾರವು. ಅದರಲ್ಲಿ ಬಹುಪಾಲು ನಾರಾಗಿ ಹೊರಗೆ ಹೋಗುತ್ತದೆ, ಹೋಗುವಾಗ ಮಲ ಸರಾಗವಾಗಿ ಸಾಗಲು ನೆರವಾಗುತ್ತದೆ.

ಯೋಚಿಸಿ, ಬರೆಯಿರಿ

1. ಒಂದು ತಲೆಬುರುಡೆ ಸಿಕ್ಕಿದೆ. ಮೇಲೆ ಮುಂದಿನ ಹಲ್ಲುಗಳಿಲ್ಲ, ಹಿಂದಿನ ಹಲ್ಲುಗಳು ಅಗಲ, ನಡುವೆ ದೊಡ್ಡ ಖಾಲಿ ಜಾಗ. ಅದು ಏನು ತಿನ್ನುತ್ತಿತ್ತು? ಅದರ ಜಠರ ಹೇಗಿದ್ದಿರಬಹುದು?

2. ಒಂದು ತುಂಡು ತರಕಾರಿಯನ್ನು ದವಡೆ ಪಕ್ಕಕ್ಕೆ ಆಡಿಸದೆ, ಮೇಲೆ ಕೆಳಗೆ ಮಾತ್ರ ಆಡಿಸಿ ಅಗಿಯಿರಿ. ಏನು ಬದಲಾಯಿತು?

3. ದೈತ್ಯ ಪಾಂಡಾ ಕರಡಿಯ ಕುಟುಂಬದ್ದು. ಅದರ ಕರುಳು ಮಾಂಸಾಹಾರಿಯದರಂತೆ ಗಿಡ್ಡ. ಆದರೆ ತಿನ್ನುವುದು ಹೆಚ್ಚುಕಡಿಮೆ ಬರೀ ಬಿದಿರು, ಅದೂ ದಿನಕ್ಕೆ 12 ಕೆ.ಜಿ.ಗೂ ಜಾಸ್ತಿ. ಅಷ್ಟೊಂದು ಯಾಕೆ ತಿನ್ನಬೇಕಾಗುತ್ತದೆ?