ತೊಗರಿ ರೇಟ್ ಗ್ರೂಪಿನ ಅಡ್ಮಿನ್‌ಗಳಿಗೆ: ವೇಷ ಹಾಕಿದ ಬೈಗುಳ ಹಿಡಿಯುವುದು ಹೇಗೆ

ಗಂಜಿನಲ್ಲಿ ತೊಗರಿ ರೇಟ್ ಬಿದ್ದ ಸಂಜೆ ನಮ್ಮ ಗ್ರೂಪಿನಲ್ಲಿ ಬೈಗುಳ ಜಾಸ್ತಿ. ಅಡತಿಯವರ ಮೇಲೆ, ದಲಾಲರ ಮೇಲೆ, ಕಡೆಗೆ ರೇಟ್ ಹಾಕಿದವನ ಮೇಲೂ. ಪಟ್ಟಿಯಲ್ಲಿರುವ ಪದವನ್ನು ಬಾಟ್ ಅಳಿಸುತ್ತದೆ. ಅದು ಎಲ್ಲರಿಗೂ ಗೊತ್ತಾಗಿದೆ, ಹಾಗಾಗಿ ಪದಗಳು ವೇಷ ಹಾಕಿಕೊಂಡು ಬರುತ್ತಿವೆ.

ಅನುಮಾನ ಬಂದರೆ ಗಟ್ಟಿಯಾಗಿ ಓದಿ. ಕಣ್ಣು ತಪ್ಪಿಸಿದ್ದನ್ನು ಕಿವಿ ಹಿಡಿಯುತ್ತದೆ. "ಭಾಡ್ಯಾ" ಒಂದೇ ಪದ ಎಷ್ಟು ವೇಷದಲ್ಲಿ ಬರುತ್ತದೆ ನೋಡಿ:

```
bh@dya
b h a d y a
bhaaadyaaa
ಭಾ.ಡ್ಯಾ
```

ಕಷ್ಟ ಇರುವುದು ಕಣ್ಣಿಗೆ ಕಾಣದ ವೇಷದಲ್ಲಿ. ಕನ್ನಡ ಪದದ ನಡುವೆ ಒಂದು ತೆಲುಗು ಅಕ್ಷರ ಸೇರಿಸುತ್ತಾರೆ. ಕನ್ನಡದ ಲ U+0CB2, ತೆಲುಗಿನ ల U+0C32. ಚಿಕ್ಕ ಪರದೆಯಲ್ಲಿ ಎರಡೂ ಒಂದೇ, ಬಾಟ್‌ಗೆ ಬೇರೆ ಬೇರೆ. ಆದರೆ ಸೇಡಂ, ಚಿಂಚೋಳಿ ಕಡೆಯವರ ಫೋನಿನಲ್ಲಿ ತೆಲುಗು ಕೀಬೋರ್ಡ್ ಇರುತ್ತದೆ, ಅವಸರದಲ್ಲಿ ಅದರಲ್ಲೇ ಒತ್ತಿಬಿಡುತ್ತಾರೆ. ಅಕ್ಷರ ಬೆರೆತಿದೆ ಅಂತ ಮಾತ್ರಕ್ಕೆ ಯಾರನ್ನೂ ತೆಗೆಯಬೇಡಿ. ಅನುಸ್ವಾರದ ಜಾಗದಲ್ಲಿ ಸೊನ್ನೆ ಒತ್ತುವವರೂ ಇದ್ದಾರೆ, ಪಾಪ, ಅವರಿಗೆ ಸುಮ್ನೆ ಹಾಗೆ ಅಭ್ಯಾಸ.

ಬಾಟ್ ಪಟ್ಟಿಗೆ ಹೋಲಿಸುವ ಮೊದಲು ಮೆಸೇಜಿನ ಒಂದು ಪ್ರತಿಯನ್ನು ಹೀಗೆ ಶುಚಿ ಮಾಡುತ್ತದೆ:

```
s = unicodedata.normalize("NFKC", s)
s = re.sub("[\u200b-\u200d]", "", s)
s = s.replace("೦", "ಂ")
```

ಪ್ರತಿಯನ್ನು ಮಾತ್ರ. ಎರಡನೇ ಸಾಲು ತೆಗೆಯುವ, ಕಣ್ಣಿಗೆ ಕಾಣದ ಗುರುತುಗಳಲ್ಲಿ ಕೆಲವು ಮೂಲ ಮೆಸೇಜಿನ ಕನ್ನಡಕ್ಕೆ ಬೇಕು, ತೆಗೆದರೆ "ಅಡ್ಮಿನ್‌ಗಳು" ಥರದ ಪದದಲ್ಲಿ ಬೇಡದ ಒತ್ತಕ್ಷರ ಮೂಡುತ್ತದೆ. ತೆಲುಗು ಅಕ್ಷರವನ್ನು ಇದು ಕನ್ನಡಕ್ಕೆ ತಿರುಗಿಸುವುದಿಲ್ಲ, ಅದನ್ನು ನೀವೇ ನೋಡಬೇಕು.

ಬಲೆಯನ್ನು ಹೆಚ್ಚು ಬಿಗಿ ಮಾಡಬೇಡಿ. ಅಕ್ಷರ ಹಿಂದುಮುಂದಾದರೂ, h ಬಿಟ್ಟುಹೋದರೂ ಹಿಡಿಯಲಿ ಅಂತ ನಾನೊಮ್ಮೆ ನಿಯಮ ಹಾಕಿದ್ದೆ. "ಈ ರೇಟಿಗೆ ಕೊಡೋದು byada" ಅಂತ ಬರೆದ ಅಜ್ಜ ಗ್ರೂಪಿನಿಂದ ಹೊರಗೆ! ಅವರು ಫೋನ್ ಮಾಡಿ, "ತಮ್ಮಾ, ನಾ ಏನ್ ಬೈದೀನಿ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. "bad" ಅಂತ ಮೊಟಕು ಮಾಡಿದರೆ ಬಾಡಿಗೆ, ಬಾದಾಮಿ ಎರಡೂ ಸಿಕ್ಕಿಬೀಳುತ್ತವೆ.

"ಲೇ", "ಮಂಗ್ಯಾ" ನಮ್ಮ ಕಡೆ ಬೈಗುಳವಲ್ಲ, ಬಿಟ್ಟುಬಿಡಿ. ಗೆಳೆಯರಿಬ್ಬರು ನಗುತ್ತಾ "ಭಾಡ್ಯಾ" ಅಂದುಕೊಂಡರೆ ಮೆಸೇಜ್ ಅಳಿಸಿದರೆ ಸಾಕು. ಆದರೆ ಚುಕ್ಕಿ, ನಕ್ಷತ್ರ ಹಾಕಿ ಬರೆದವನಿಗೆ ಅದು ತಪ್ಪೆಂದು ಗೊತ್ತಿತ್ತು ಅಲ್ವಾ? ಅವನಿಗೆ ಎಚ್ಚರಿಕೆ ಕೊಡಿ, ಮತ್ತೆ ಮಾಡಿದರೆ ತೆಗೆಯಿರಿ.

ಜಾತಿ ಹಿಡಿದು ಬೈದರೆ ಎಚ್ಚರಿಕೆ ಇಲ್ಲ, ನೇರ ಹೊರಗೆ. ಅಳಿಸುವ ಮೊದಲು ಹೆಸರು, ನಂಬರ್, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಬೈಸಿಕೊಂಡವರು 1989ರ ಪರಿಶಿಷ್ಟ ಜಾತಿ, ಪಂಗಡ ದೌರ್ಜನ್ಯ ತಡೆ ಕಾಯ್ದೆಯಡಿ ದೂರು ಕೊಟ್ಟರೆ ಅದು ಬೇಕಾಗುತ್ತದೆ.

ಹೊಸ ವೇಷ ಕಂಡರೆ ಅಡ್ಮಿನ್ ಗ್ರೂಪಿಗೆ ಮಾತ್ರ ಹಾಕಿ. ದೊಡ್ಡ ಗ್ರೂಪಿನಲ್ಲಿ "ಹೀಗೆ ಬರೆಯಬೇಡಿ" ಅಂತ ಪದ ತೋರಿಸಿದರೆ, ಮರುದಿನ ಹತ್ತು ಮಂದಿ ಹಾಗೇ ಬರೆದಿರುತ್ತಾರೆ.